ಸಾಲು ತುಂಬುವ ಮೊದಲೇ ಎಚ್ಚರಿಸುವ ರೂಟರ್

ಮನೆಯಲ್ಲಿ ಒಬ್ಬರು ಮದುವೆಯ ವಿಡಿಯೋವನ್ನು ಕ್ಲೌಡ್‌ಗೆ ಏರಿಸುತ್ತಿದ್ದಾರೆ. ಅದೇ ಹೊತ್ತಿಗೆ ಇನ್ನೊಬ್ಬರು ದೂರದೂರಿನಲ್ಲಿರುವ ಮಗಳ ಜೊತೆ ಇಂಟರ್ನೆಟ್ ಕರೆಯಲ್ಲಿದ್ದಾರೆ. ಐದು ನಿಮಿಷ ಚೆನ್ನಾಗಿದ್ದ ಕರೆ ಇದ್ದಕ್ಕಿದ್ದಂತೆ ಕೆಡುತ್ತದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಮತ್ತೊಮ್ಮೆ ಕೇಳಿಯಾಗಿರುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ವೇಗ ಸರಿಯಾಗಿಯೇ ಇದೆ. ಹಾಗಾದರೆ ತೊಂದರೆ ಎಲ್ಲಿದೆ?

ಬಹಳ ಸಲ ಅದು ರೂಟರಿನೊಳಗಿನ ಸಾಲಿನಲ್ಲಿರುತ್ತದೆ. ಆ ಮನೆಯಿಂದ ಹೊರಹೋಗುವ ಸಂಪರ್ಕದ ವೇಗ ಸೆಕೆಂಡಿಗೆ 10 ಮೆಗಾಬಿಟ್ ಎಂದುಕೊಳ್ಳೋಣ. ದೊಡ್ಡ ಪ್ಯಾಕೆಟ್ ಒಂದರಲ್ಲಿ 1,500 ಬೈಟ್, ಅಂದರೆ 12,000 ಬಿಟ್ ಇರುತ್ತದೆ. ಅದನ್ನು ಆಚೆ ದಾಟಿಸಲು 1.2 ಮಿಲಿಸೆಕೆಂಡ್ ಬೇಕು. ವೈಫೈ ಕಡೆಯಿಂದ ಪ್ಯಾಕೆಟ್‌ಗಳು ಇದಕ್ಕಿಂತ ಎಷ್ಟೋ ಬೇಗ ಬಂದು ಬೀಳುತ್ತವೆ. ಹೆಚ್ಚಾದವು ಬಫರ್ ಎಂಬ ಮೆಮೊರಿಯಲ್ಲಿ ಸರದಿಗೆ ಕಾಯುತ್ತವೆ. ಬಫರಿನಲ್ಲಿ 500 ಪ್ಯಾಕೆಟ್‌ಗೆ ಜಾಗವಿದ್ದು ಅದೆಲ್ಲ ತುಂಬಿದರೆ, ಕೊನೆಗೆ ಬಂದ ಪ್ಯಾಕೆಟ್ 600 ಮಿಲಿಸೆಕೆಂಡ್ ಕಾಯಬೇಕು. ಮಾತುಕತೆ ಸಹಜವಾಗಿ ನಡೆಯಬೇಕಾದರೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಒಳಗಿರಬೇಕು ಎನ್ನುತ್ತದೆ ದೂರವಾಣಿ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ. ಇಲ್ಲಿ ಕರೆಯ ಪ್ಯಾಕೆಟ್ ಮನೆಯ ಬಾಗಿಲು ದಾಟುವುದರೊಳಗೇ ಅದರ ನಾಲ್ಕು ಪಟ್ಟು ಸಮಯ ಕಳೆದಿರುತ್ತದೆ.

ಈ ಬಫರ್ ಆಕಸ್ಮಿಕವಾಗಿ ತುಂಬುವುದಲ್ಲ. ಅದನ್ನು ತುಂಬಿಸುವುದೇ ಟಿಸಿಪಿಯ ನಿಯಮ. ವಿಡಿಯೋ ಕಳಿಸುವ ಕಂಪ್ಯೂಟರಿಗೆ ದಾರಿಯ ಸಾಮರ್ಥ್ಯ ಎಷ್ಟೆಂದು ಗೊತ್ತಿರುವುದಿಲ್ಲ. ಹಾಗಾಗಿ ಅದು ಸ್ವಲ್ಪ ಕಳಿಸುತ್ತದೆ, ತಲುಪಿದ್ದಕ್ಕೆ ರಶೀದಿ ಬಂದರೆ ಇನ್ನಷ್ಟು ಹೆಚ್ಚಿಸುತ್ತದೆ, ಯಾವುದಾದರೂ ಪ್ಯಾಕೆಟ್ ಕಳೆದುಹೋದದ್ದು ಗೊತ್ತಾದಾಗ ಮಾತ್ರ ಹಿಂಜರಿಯುತ್ತದೆ. ಮೂಲ ನಿಯಮದಲ್ಲಿ ಆಗ ಅರ್ಧಕ್ಕೆ ಇಳಿಯಬೇಕು. ಇಂದಿನ ಲಿನಕ್ಸ್‌ನಲ್ಲಿರುವ ಕ್ಯೂಬಿಕ್ ವಿಧಾನ ಸುಮಾರು 30% ಇಳಿಸುತ್ತದೆ. ಈ ನಿಯಮ ಬಂದದ್ದು ಒಂದು ದೊಡ್ಡ ಕುಸಿತದ ನಂತರ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಸುಮಾರು 400 ಗಜ ಆಚೆಯಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗೆ ಕುಸಿಯಿತು. ಕಳೆದುಹೋದದ್ದನ್ನು ಎಲ್ಲರೂ ಮತ್ತೆ ಮತ್ತೆ ಕಳಿಸುತ್ತ ದಾರಿಯನ್ನು ಇನ್ನಷ್ಟು ಕಟ್ಟಿಹಾಕಿದ್ದರು. ವ್ಯಾನ್ ಜೇಕಬ್‌ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ ಅದನ್ನು ಬಿಡಿಸಿದ ಬಗೆ 1988ರಲ್ಲಿ ಪ್ರಕಟವಾಯಿತು: ಪ್ಯಾಕೆಟ್ ಕಳೆಯಿತೆಂದರೆ ದಾರಿ ದಟ್ಟವಾಗಿದೆ ಎಂದು ತಿಳಿ, ಇಳಿಸು.

ನೆಟ್‌ವರ್ಕ್ ಅದರಿಂದ ಉಳಿಯಿತು. ಆದರೆ ಎರಡು ತೊಂದರೆ ಹಾಗೆಯೇ ಉಳಿದವು. ರೂಟರ್ ಪ್ಯಾಕೆಟ್ ಬೀಳಿಸುವುದು ಬಫರ್ ಪೂರ್ತಿ ತುಂಬಿದ ಮೇಲೆ. ಅಂದರೆ ಎಚ್ಚರಿಕೆ ಹೊರಡುವ ಹೊತ್ತಿಗೆ ವಿಳಂಬ ಆಗಲೇ ಗರಿಷ್ಠ ಮಟ್ಟ ಮುಟ್ಟಿರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ತುಂಬಿದ ಕ್ಷಣದಲ್ಲಿ ಯಾರ ಪ್ಯಾಕೆಟ್ ಬಂದರೂ ಬೀಳುವುದರಿಂದ ಹತ್ತಾರು ಹರಿವುಗಳು ಒಟ್ಟಿಗೇ ಪೆಟ್ಟು ತಿಂದು ಒಟ್ಟಿಗೇ ಇಳಿಯುತ್ತವೆ. ಸ್ವಲ್ಪ ಹೊತ್ತು ತಂತಿ ಖಾಲಿ ಬಿದ್ದಿರುತ್ತದೆ. ಆಮೇಲೆ ಎಲ್ಲವೂ ಜೊತೆಜೊತೆಗೇ ಏರಿ ಮತ್ತೆ ಒಟ್ಟಿಗೇ ಡಿಕ್ಕಿ ಹೊಡೆಯುತ್ತವೆ.

ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸ್ಯಾಲಿ ಫ್ಲಾಯ್ಡ್ ಅವರು ಜೇಕಬ್‌ಸನ್ ಜೊತೆ ಸೇರಿ 1993ರಲ್ಲಿ ಪ್ರಕಟಿಸಿದ ಉಪಾಯದ ಹೆಸರು ರ‍್ಯಾಂಡಮ್ ಅರ್ಲಿ ಡಿಟೆಕ್ಷನ್, ಚಿಕ್ಕದಾಗಿ ರೆಡ್. ಬಫರ್ ತುಂಬುವ ತನಕ ಕಾಯಬೇಡ, ಸಾಲು ಬೆಳೆಯುತ್ತಿದೆ ಎನಿಸಿದಾಗಲೇ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಆರಿಸಿ ಬೀಳಿಸು ಎಂಬುದು ಅದರ ತಿರುಳು. ಕೇಳಲು ಸುಲಭ. ಆದರೆ ಸಾಲು ನಿಜವಾಗಿ ಬೆಳೆಯುತ್ತಿದೆ ಎಂದು ತಿಳಿಯುವುದು ಹೇಗೆ, ಮತ್ತು ಯಾರನ್ನು ಆರಿಸುವುದು? ಆ ಲೇಖನದ ಜಾಣ್ಮೆಯೆಲ್ಲ ಇರುವುದು ಈ ಎರಡು ಪ್ರಶ್ನೆಗಳಿಗೆ ಅದು ಕೊಟ್ಟ ಉತ್ತರದಲ್ಲಿ.

ಮೊದಲನೆಯದನ್ನು ನೋಡೋಣ. ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್‌ಗಳು ಒಂದೇ ಸಮನೆ ಬರುವುದಿಲ್ಲ, ಗೊಂಚಲು ಗೊಂಚಲಾಗಿ ಬರುತ್ತವೆ. ವೆಬ್ ಪುಟವೊಂದು ತೆರೆದರೆ ಮೂವತ್ತು ಪ್ಯಾಕೆಟ್ ಒಮ್ಮೆಗೇ ಬಂದು, ಕ್ಷಣದಲ್ಲಿ ಕರಗಿ ಹೋಗಬಹುದು. ಬಫರ್ ಇರುವುದೇ ಇಂಥ ಗೊಂಚಲನ್ನು ತಾಳಿಕೊಳ್ಳಲು. ಅದಕ್ಕೆ ದಂಡ ಹಾಕಬಾರದು. ಕರಗದೆ ನಿಂತೇ ಇರುವ ಸಾಲನ್ನು ಮಾತ್ರ ದಟ್ಟಣೆ ಎನ್ನಬೇಕು. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಊಟದ ನಂತರದ ಒಂದು ರೀಡಿಂಗ್ ನೋಡಿ ಔಷಧಿ ಬದಲಿಸದೆ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸಿ ಎನ್ನುತ್ತಾರಲ್ಲ, ರೆಡ್ ಕೂಡ ಈ ಕ್ಷಣದ ಸಾಲಿನ ಉದ್ದವನ್ನು ನಂಬುವುದಿಲ್ಲ. ಪ್ರತಿ ಪ್ಯಾಕೆಟ್ ಬಂದಾಗಲೂ ಒಂದು ಓಡುವ ಸರಾಸರಿಯನ್ನು ತಿದ್ದಿಕೊಳ್ಳುತ್ತದೆ:

```
avg = (1 - w) * avg + w * q
```

ಇಲ್ಲಿ `q` ಈಗಿನ ಸಾಲಿನ ಉದ್ದ, `avg` ಸರಾಸರಿ, `w` ಎಂಬುದು ಹೊಸ ಅಳತೆಗೆ ಕೊಡುವ ತೂಕ. ಮೂಲ ಲೇಖನದಲ್ಲಿ ಬಳಸಿದ ತೂಕ 0.002, ಅಂದರೆ ಐನೂರರಲ್ಲಿ ಒಂದು ಪಾಲು. ಲೆಕ್ಕ ಹಾಕಿ ನೋಡಿದರೆ ಇದರ ಗುಣ ತಿಳಿಯುತ್ತದೆ. ಖಾಲಿಯಿದ್ದ ಸಾಲು ಏಕಾಏಕಿ 60 ಪ್ಯಾಕೆಟ್‌ಗೆ ಏರಿತು, ಆದರೆ ಮೂವತ್ತು ಪ್ಯಾಕೆಟ್ ಬರುವಷ್ಟು ಹೊತ್ತು ಮಾತ್ರ ಹಾಗಿತ್ತು ಎಂದರೆ ಸರಾಸರಿ ಏರುವುದು ಮೂರೂವರೆಯಷ್ಟು. ರೂಟರ್ ಸುಮ್ಮನಿರುತ್ತದೆ. ಅದೇ 60 ಪ್ಯಾಕೆಟ್‌ಗಳ ಸಾಲು ಸಾವಿರ ಪ್ಯಾಕೆಟ್ ಬರುವ ತನಕ ಕರಗದೆ ನಿಂತರೆ ಸರಾಸರಿ 52 ಮುಟ್ಟುತ್ತದೆ. ಇದು ಗೊಂಚಲಲ್ಲ, ನಿಂತ ಸಾಲು ಎಂದು ರೂಟರಿಗೆ ಆಗ ಖಚಿತವಾಗುತ್ತದೆ.

ಇನ್ನು ಯಾರನ್ನು ಆರಿಸುವುದು? ಎರಡು ಗೆರೆ ಹಾಕಿಕೊಳ್ಳುತ್ತಾರೆ. ನಮ್ಮ 10 ಮೆಗಾಬಿಟ್ ಸಂಪರ್ಕದಲ್ಲಿ ಕೆಳಗೆರೆ 25 ಪ್ಯಾಕೆಟ್, ಅಂದರೆ 30 ಮಿಲಿಸೆಕೆಂಡ್ ವಿಳಂಬ. ಮೇಲ್ಗೆರೆ 75 ಪ್ಯಾಕೆಟ್, ಅಂದರೆ 90 ಮಿಲಿಸೆಕೆಂಡ್. ಸರಾಸರಿ ಕೆಳಗೆರೆಗಿಂತ ಕಡಿಮೆ ಇದ್ದರೆ ಯಾರನ್ನೂ ಮುಟ್ಟುವುದಿಲ್ಲ. ಮೇಲ್ಗೆರೆ ದಾಟಿದರೆ ಬಂದದ್ದನ್ನೆಲ್ಲ ಬೀಳಿಸುತ್ತದೆ. ನಡುವೆ ಇದ್ದರೆ ಸಂಭವನೀಯತೆ ಸೊನ್ನೆಯಿಂದ ಮೆಲ್ಲಗೆ ಏರುತ್ತದೆ:

```
p = max_p * (avg - min) / (max - min)
```

`max_p` ಅನ್ನು 0.02 ಎಂದಿಟ್ಟು ಸರಾಸರಿ ಸರಿಯಾಗಿ ನಡುವಿನ 50ರಲ್ಲಿದ್ದರೆ `p` 0.01 ಆಗುತ್ತದೆ, ನೂರಕ್ಕೆ ಒಂದು. ಇಲ್ಲಿ ಫ್ಲಾಯ್ಡ್ ಮತ್ತು ಜೇಕಬ್‌ಸನ್ ಇನ್ನೊಂದು ಸೂಕ್ಷ್ಮ ಗಮನಿಸಿದರು. ಪ್ರತಿ ಪ್ಯಾಕೆಟ್‌ಗೂ ಹೊಸದಾಗಿ ದಾಳ ಹಾಕಿದರೆ ಕೆಲವೊಮ್ಮೆ ಎರಡು ಪೆಟ್ಟು ಬೆನ್ನುಬೆನ್ನಿಗೇ ಬೀಳುತ್ತವೆ, ಕೆಲವೊಮ್ಮೆ ಮುನ್ನೂರು ಪ್ಯಾಕೆಟ್ ಹೋದರೂ ಏನೂ ಆಗುವುದಿಲ್ಲ. ಅದಕ್ಕಾಗಿ ಹಿಂದಿನ ಪೆಟ್ಟಿನ ನಂತರ ಎಷ್ಟು ಪ್ಯಾಕೆಟ್ ದಾಟಿಹೋದವು ಎಂದು ಎಣಿಸಿ, ಎಣಿಕೆ ಹೆಚ್ಚಿದಷ್ಟೂ ಸಂಭವನೀಯತೆಯನ್ನು ಹೆಚ್ಚಿಸುತ್ತಾರೆ. ಆಗ ಎರಡು ಪೆಟ್ಟುಗಳ ನಡುವಿನ ಅಂತರ 1ರಿಂದ 100ರ ನಡುವೆ ಸಮನಾಗಿ ಹರಡಿಕೊಳ್ಳುತ್ತದೆ, ಸರಾಸರಿ ಸುಮಾರು 50. ನೂರರ ಆಚೆಗೆ ಅದು ಹೋಗುವುದೇ ಇಲ್ಲ.

ಇದರಿಂದ ನಮ್ಮ ಮನೆಯಲ್ಲಿ ಏನಾಗುತ್ತದೆ? ವಿಡಿಯೋ ಸೆಕೆಂಡಿಗೆ ಸುಮಾರು 825 ಪ್ಯಾಕೆಟ್ ನೂಕುತ್ತಿದೆ. ಕರೆಯಲ್ಲಿ 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಚಿಕ್ಕ ಪ್ಯಾಕೆಟ್ ಹೋಗುತ್ತವೆ. ಸರಾಸರಿ 50ರಲ್ಲೇ ನಿಂತಿದ್ದರೆ ಒಂದು ಸೆಕೆಂಡಿನಲ್ಲಿ ಸುಮಾರು 17 ಪೆಟ್ಟು ಬೀಳುತ್ತವೆ. ಅದರಲ್ಲಿ 16 ವಿಡಿಯೋದ ಪಾಲು, ಒಂದು ಮಾತ್ರ ಕರೆಯದು. ಯಾವುದು ವಿಡಿಯೋ, ಯಾವುದು ಕರೆ ಎಂದು ರೂಟರ್ ನೋಡಿಯೇ ಇಲ್ಲ, ಯಾರ ಲೆಕ್ಕವನ್ನೂ ಇಟ್ಟಿಲ್ಲ. ಹೆಚ್ಚು ಕಳಿಸಿದವರಿಗೆ ಹೆಚ್ಚು ಎಚ್ಚರಿಕೆ ತಾನಾಗಿಯೇ ತಲುಪಿತು. ನಿಜದಲ್ಲಿ ಮೊದಲ ಒಂದೆರಡು ಪೆಟ್ಟಿಗೇ ವಿಡಿಯೋ ತನ್ನ ವೇಗ ಇಳಿಸುವುದರಿಂದ ಸಾಲು ಕರಗತೊಡಗುತ್ತದೆ. ಬೇರೆ ಬೇರೆ ಹರಿವುಗಳು ಬೇರೆ ಬೇರೆ ಹೊತ್ತಿನಲ್ಲಿ ಇಳಿಯುವುದರಿಂದ ಒಟ್ಟಿಗೇ ಏರಿ ಒಟ್ಟಿಗೇ ಬೀಳುವ ಕಾಟವೂ ತಪ್ಪುತ್ತದೆ. ರೆಡ್‌ನಲ್ಲಿ ನನಗೆ ಅತ್ಯಂತ ಇಷ್ಟವಾಗುವ ಅಂಶ ಇದು: ನ್ಯಾಯವನ್ನು ಅದು ಕಡತವಿಟ್ಟು ಮಾಡುವುದಿಲ್ಲ, ಆಕಸ್ಮಿಕದಿಂದಲೇ ಸಾಧಿಸುತ್ತದೆ.

ಆದರೂ ರೆಡ್ ಎಲ್ಲ ಕಡೆ ಚಾಲ್ತಿಗೆ ಬರಲಿಲ್ಲ. ರೂಟರುಗಳಲ್ಲಿ ಸೌಲಭ್ಯವಿದ್ದರೂ ಅದನ್ನು ಆನ್ ಮಾಡಿದವರು ಕಡಿಮೆ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಸಾವಿರ ಪ್ಯಾಕೆಟ್ ಎಂದರೆ ನಮ್ಮ ಸಂಪರ್ಕದಲ್ಲಿ 1.2 ಸೆಕೆಂಡ್. ವೇಗ ಸೆಕೆಂಡಿಗೆ 1 ಮೆಗಾಬಿಟ್‌ಗೆ ಇಳಿದರೆ ಅದೇ ಸಾವಿರಕ್ಕೆ 12 ಸೆಕೆಂಡ್ ಬೇಕು, ಅಷ್ಟರಲ್ಲಿ ಬಫರ್ ಎಂದೋ ತುಂಬಿರುತ್ತದೆ. ಅಂದರೆ ತೂಕ, ಎರಡು ಗೆರೆ, ಗರಿಷ್ಠ ಸಂಭವನೀಯತೆ ಈ ನಾಲ್ಕನ್ನೂ ಆಯಾ ಸಂಪರ್ಕದ ವೇಗ ಮತ್ತು ಹರಿವುಗಳ ಸಂಖ್ಯೆ ನೋಡಿ ಹೊಂದಿಸಬೇಕು. ಹತ್ತು ಹರಿವಿಗೆ ಸರಿಹೋದ `max_p` ಸಾವಿರ ಹರಿವಿಗೆ ಸಾಲದು. ವೈಫೈ, ಮೊಬೈಲಿನಂಥ ಕಡೆ ವೇಗವೇ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಇಂಟರ್ನೆಟ್ಟಿನ ಮಾನದಂಡ ರೂಪಿಸುವವರು 1998ರಲ್ಲಿ ರೆಡ್ ಅನ್ನು ಹೆಸರಿಸಿ ಶಿಫಾರಸು ಮಾಡಿದ್ದರು. 2015ರ ಪರಿಷ್ಕೃತ ದಾಖಲೆಯಲ್ಲಿ ಆ ಹೆಸರಿನ ಶಿಫಾರಸನ್ನು ಕೈಬಿಟ್ಟು, ಸಾಲನ್ನು ಮೊದಲೇ ನಿಭಾಯಿಸುವ ಯಾವುದಾದರೂ ವಿಧಾನ ಇರಲಿ, ಅದು ತಾನಾಗಿಯೇ ಹೊಂದಿಕೊಳ್ಳುವಂತಿರಲಿ ಎಂದರು. ಸಾಲಿನ ಉದ್ದದ ಬದಲು ಪ್ಯಾಕೆಟ್ ಕಾದ ಸಮಯವನ್ನು ಅಳೆಯುವ ಕೋಡೆಲ್, ಪೈ ಮುಂತಾದವು ಅಷ್ಟರಲ್ಲಿ ಬಂದಿದ್ದವು. ಪೈ ವಿಧಾನದ ಒಂದು ಸುಧಾರಿತ ರೂಪವನ್ನು ಲಿನಕ್ಸ್ ಕರ್ನಲ್‌ಗೆ 2020ರಲ್ಲಿ ಸೇರಿಸಿದ್ದು ನಮ್ಮ ಸುರತ್ಕಲ್‌ನ ಎನ್‌ಐಟಿಕೆ ತಂಡ.

ಯಾವ ವಿಧಾನದಿಂದ ಅಳೆದರೂ ಒಂದು ನೋವು ಉಳಿಯುತ್ತದೆ: ಎಚ್ಚರಿಕೆ ಕೊಡಲು ಸರಕನ್ನೇ ಎಸೆಯಬೇಕು. ದೊಡ್ಡ ಫೈಲಿನ ನಡುವಿನ ಪ್ಯಾಕೆಟ್ ಬಿದ್ದರೆ ದೊಡ್ಡ ನಷ್ಟವಿಲ್ಲ. ಅದರ ಹಿಂದೆ ಬಂದವು ತಲುಪಿದಾಗ ನಡುವೆ ಒಂದು ಇಲ್ಲವೆಂದು ಗೊತ್ತಾಗಿ ಬೇಗ ಮರುಕಳಿಸಲಾಗುತ್ತದೆ. ಆದರೆ ಹಣ ಪಾವತಿಯ ಪುಟದಂಥ ಚಿಕ್ಕ ಉತ್ತರದಲ್ಲಿ ಇರುವುದೇ ನಾಲ್ಕೈದು ಪ್ಯಾಕೆಟ್. ಅದರಲ್ಲಿ ಕೊನೆಯದು ಬಿದ್ದರೆ ಅದರ ಹಿಂದೆ ಬೇರೆ ಯಾವುದೂ ಇಲ್ಲದ ಕಾರಣ ಯಾರಿಗೂ ಸುಳಿವು ಸಿಗುವುದಿಲ್ಲ. ಕಳಿಸಿದವರ ಗಡಿಯಾರ ಗಡುವು ಮುಗಿಸುವ ತನಕ ಕಾಯುವುದೇ ಹಳೆಯ ದಾರಿ, ಲಿನಕ್ಸ್‌ನಲ್ಲಿ ಅದು ಕನಿಷ್ಠ 200 ಮಿಲಿಸೆಕೆಂಡ್. ದಟ್ಟಣೆಯ ಸುದ್ದಿ ಹೇಳಲು ಹೋಗಿ ದಟ್ಟಣೆಗೆ ಕಾರಣವೇ ಅಲ್ಲದ ಹರಿವನ್ನು ನಿಲ್ಲಿಸಿದಂತಾಯಿತು.

ಎಸೆಯದೆ ಗುರುತು ಹಾಕಿ ಮುಂದೆ ಕಳಿಸಬಹುದಲ್ಲವೇ ಎಂಬ ವಿಚಾರ ರೆಡ್‌ಗಿಂತ ಹಳೆಯದು. 1980ರ ದಶಕದ ಕೊನೆಯಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ಕೆ. ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್ ಪ್ಯಾಕೆಟ್‌ನಲ್ಲಿ ಒಂದು ಬಿಟ್ ಮೀಸಲಿಟ್ಟು ದಟ್ಟಣೆಯ ಸುದ್ದಿ ಒಯ್ಯುವ ವಿಧಾನ ರೂಪಿಸಿದ್ದರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅದೇ ರಾಮಕೃಷ್ಣನ್, ಸ್ಯಾಲಿ ಫ್ಲಾಯ್ಡ್ ಮತ್ತು ಡೇವಿಡ್ ಬ್ಲ್ಯಾಕ್ ಸೇರಿ ಬರೆದ ಆರ್‌ಎಫ್‌ಸಿ 3168 ಎಂಬ ದಾಖಲೆ 2001ರ ಸೆಪ್ಟೆಂಬರಿನಲ್ಲಿ ಹೊರಬಂತು. ಎಕ್ಸ್‌ಪ್ಲಿಸಿಟ್ ಕಂಜೆಷನ್ ನೋಟಿಫಿಕೇಶನ್, ಇಸಿಎನ್, ಇಂಟರ್ನೆಟ್ಟಿನ ಮಾನದಂಡಗಳ ಪಟ್ಟಿಗೆ ಸೇರಿದ್ದು ಹೀಗೆ.

ಇಲ್ಲಿ ಒಂದರ ಬದಲು ಎರಡು ಬಿಟ್ ಬೇಕಾದವು. ಗುರುತನ್ನು ಓದಲು ಬಾರದ ಹಳೆಯ ಕಂಪ್ಯೂಟರಿನ ಪ್ಯಾಕೆಟ್‌ಗೆ ಗುರುತು ಹಾಕಿ ಏನು ಪ್ರಯೋಜನ? ಅದು ವೇಗ ಇಳಿಸುವುದೇ ಇಲ್ಲ. ಆದ್ದರಿಂದ ಕಳಿಸುವವರು ಮೊದಲು "ನಮಗೆ ಗುರುತು ಅರ್ಥವಾಗುತ್ತದೆ" ಎಂದು ಹೇಳಿಕೊಳ್ಳಬೇಕು. ಐಪಿ ತಲೆಬರಹದ ಎರಡು ಬಿಟ್‌ಗಳಲ್ಲಿ 00 ಇದ್ದರೆ ಅರ್ಥವಾಗುವುದಿಲ್ಲ ಎಂದು, 10 ಅಥವಾ 01 ಇದ್ದರೆ ಅರ್ಥವಾಗುತ್ತದೆ ಎಂದು, 11 ಇದ್ದರೆ ದಾರಿಯಲ್ಲಿ ದಟ್ಟಣೆ ಸಿಕ್ಕಿತು ಎಂದು. ಮದುವೆಯ ವಿಡಿಯೋದ ಒಂದು ಪ್ಯಾಕೆಟ್ 10 ಹೊತ್ತು ಹೊರಡುತ್ತದೆ. ರೂಟರಿನ ರೆಡ್ ಅದನ್ನು ಆರಿಸುತ್ತದೆ. ಬೀಳಿಸುವ ಬದಲು 10 ಅನ್ನು 11 ಮಾಡಿ ಸರದಿಯಲ್ಲೇ ಬಿಡುತ್ತದೆ. ಪ್ಯಾಕೆಟ್ ಸುರಕ್ಷಿತವಾಗಿ ಸರ್ವರ್ ತಲುಪುತ್ತದೆ. ಸರ್ವರ್ ತನ್ನ ರಶೀದಿಗಳಲ್ಲಿ ಇಸಿಇ ಎಂಬ ಬಾವುಟ ಏರಿಸುತ್ತದೆ. ಒಂದೇ ರಶೀದಿಯಲ್ಲಿ ಏರಿಸಿದರೆ ಅದೇ ಕಳೆದುಹೋಗಬಹುದು, ಹಾಗಾಗಿ ಉತ್ತರ ಬರುವ ತನಕ ಪ್ರತಿ ರಶೀದಿಯಲ್ಲೂ ಏರಿಸುತ್ತಲೇ ಇರುತ್ತದೆ. ಕಳಿಸುವ ಕಂಪ್ಯೂಟರ್ ಅದನ್ನು ಕಂಡು ವೇಗ ಇಳಿಸಿ, ಮುಂದಿನ ಪ್ಯಾಕೆಟ್‌ನಲ್ಲಿ ಸಿಡಬ್ಲ್ಯುಆರ್ ಎಂಬ ಬಾವುಟ ಹಾಕಿ "ಇಳಿಸಿದೆ" ಎನ್ನುತ್ತದೆ. ಆಗ ಸರ್ವರ್ ಸುಮ್ಮನಾಗುತ್ತದೆ. ಪ್ಯಾಕೆಟ್ ಹೋಗಿ ರಶೀದಿ ಬರುವಷ್ಟು ಅವಧಿಯಲ್ಲಿ ಎಷ್ಟೇ ಗುರುತು ಬಂದರೂ ಇಳಿಸುವುದು ಒಮ್ಮೆ ಮಾತ್ರ. ಒಂದು ಪ್ಯಾಕೆಟ್ಟೂ ಕಳೆಯಲಿಲ್ಲ, ಸುದ್ದಿಯೂ ತಲುಪಿತು. ಬಫರ್ ನಿಜವಾಗಿಯೇ ಉಕ್ಕಿದರೆ ಮಾತ್ರ ಗುರುತಿನಿಂದ ಏನೂ ಆಗದು, ಬೀಳಿಸಲೇಬೇಕು.

ಈ ಮಾತುಕತೆಗೆ ಎರಡೂ ಕಡೆಯವರು ಸಂಪರ್ಕದ ಆರಂಭದಲ್ಲೇ ಒಪ್ಪಿಕೊಂಡಿರಬೇಕು. ಕರೆಯುವವರ ಮೊದಲ ಪ್ಯಾಕೆಟ್‌ನಲ್ಲಿ ಇಸಿಇ, ಸಿಡಬ್ಲ್ಯುಆರ್ ಎರಡೂ ಬಾವುಟ ಇರುತ್ತವೆ. ಒಪ್ಪುವವರು ಇಸಿಇ ಒಂದನ್ನೇ ಹಾಕಿ ಉತ್ತರಿಸುತ್ತಾರೆ. ತಂತ್ರಜ್ಞರು ಊಹಿಸದ ತೊಡಕು ಹುಟ್ಟಿದ್ದು ಇಲ್ಲೇ. ಈ ಬಾವುಟಗಳ ಜಾಗ ಮೊದಲು "ಮುಂದಿನ ಬಳಕೆಗೆ" ಎಂದು ಖಾಲಿ ಬಿಟ್ಟದ್ದು. ಖಾಲಿ ಇರಬೇಕಾದಲ್ಲಿ ಏನೋ ಇದೆ ಎಂದು ಕೆಲವು ಫೈರ್‌ವಾಲ್‌ಗಳು ಅನುಮಾನಿಸಿ ಆ ಮೊದಲ ಪ್ಯಾಕೆಟ್ಟನ್ನೇ ತಿರಸ್ಕರಿಸಿದವು. 2001ರ ಹೊತ್ತಿಗೆ ಇಸಿಎನ್ ಆನ್ ಮಾಡಿದ ಲಿನಕ್ಸ್ ಬಳಕೆದಾರರಿಗೆ ಕೆಲವು ವೆಬ್‌ಸೈಟ್‌ಗಳು ತೆರೆಯಲೇ ಇಲ್ಲ. ಸೈಟ್ ತೆರೆಯದಿದ್ದರೆ ಜನ ದೂಷಿಸುವುದು ಹೊಸದಾಗಿ ಆನ್ ಮಾಡಿದ್ದನ್ನು, ದಾರಿಯ ನಡುವೆ ಕೂತ ಹಳೆಯ ಪೆಟ್ಟಿಗೆಯನ್ನಲ್ಲ. ಇಸಿಎನ್ ಆಫ್ ಮಾಡುವುದೇ ಪರಿಹಾರವಾಯಿತು. 2002ರಲ್ಲಿ ಫ್ಲಾಯ್ಡ್ ಅವರು ಫೈರ್‌ವಾಲ್‌ಗಳ ಈ ನಡತೆ ಹಾನಿಕರ ಎಂದು ಪ್ರತ್ಯೇಕ ದಾಖಲೆಯನ್ನೇ ಬರೆಯಬೇಕಾಯಿತು. ಒಂದು ಒಳ್ಳೆಯ ಉಪಾಯ, ತನ್ನಲ್ಲಿ ಯಾವ ದೋಷವೂ ಇಲ್ಲದೆ, ಹೀಗೆ ವರ್ಷಗಟ್ಟಲೆ ಮೂಲೆ ಸೇರಿತಲ್ಲ ಎಂದು ನನಗೆ ಬೇಸರವಾಗುತ್ತದೆ.

ಅದು ಮೊದಲು ಅರಳಿದ್ದು ಒಬ್ಬನೇ ಯಜಮಾನನಿರುವ ಕಡೆ, ಡೇಟಾ ಸೆಂಟರುಗಳಲ್ಲಿ. 2010ರಲ್ಲಿ ಪ್ರಕಟವಾದ ಡಿಸಿಟಿಸಿಪಿ ಎಂಬ ವಿಧಾನ ರೆಡ್‌ನ ಎರಡು ಗೆರೆಗಳನ್ನು ಒಂದಾಗಿಸಿ, ಸರಾಸರಿಯನ್ನು ಬಿಟ್ಟು, ಈ ಕ್ಷಣದ ಸಾಲು ಗೆರೆ ದಾಟಿದರೆ ಎಲ್ಲಕ್ಕೂ ಗುರುತು ಹಾಕುತ್ತದೆ. ಸರಾಸರಿ ತೆಗೆಯುವ ಕೆಲಸ ಕಳಿಸುವವರದು: ಹತ್ತರಲ್ಲಿ ಒಂದಕ್ಕೆ ಗುರುತಿದ್ದರೆ 5% ಮಾತ್ರ ಇಳಿಸು, ಎಲ್ಲಕ್ಕೂ ಇದ್ದರೆ ಅರ್ಧಕ್ಕಿಳಿಸು. ಗುರುತಿಗೆ ಬೆಲೆ ತೆರಬೇಕಿಲ್ಲದ ಕಾರಣ ಅದನ್ನು ಧಾರಾಳವಾಗಿ ಬಳಸಬಹುದು. ಪ್ಯಾಕೆಟ್ ಬೀಳಿಸಿ ಇಷ್ಟು ನಯವಾಗಿ ಮಾತಾಡಲು ಆಗದು. ಇದೇ ವಿಚಾರವನ್ನು ಸಾರ್ವಜನಿಕ ಇಂಟರ್ನೆಟ್‌ಗೆ ತರುವ ಎಲ್‌4ಎಸ್ ಎಂಬ ಏರ್ಪಾಡಿನ ದಾಖಲೆಗಳು 2023ರಲ್ಲಿ ಪ್ರಕಟವಾದವು. ಬಳಕೆಯಿಲ್ಲದೆ ಉಳಿದಿದ್ದ 01 ಗುರುತಿಗೆ ಅದರಲ್ಲಿ ಕೆಲಸ ಸಿಕ್ಕಿದೆ.

ತಮ್ಮ ಲಿನಕ್ಸ್ ಯಂತ್ರದಲ್ಲಿ ರೆಡ್ ಹಾಕಿಕೊಂಡವರು ಅದು ನಿಜವಾಗಿ ಏನು ಮಾಡುತ್ತಿದೆ ಎಂದು ನೋಡಬಹುದು. `eth0` ಬದಲು ನಿಮ್ಮ ಯಂತ್ರದ ಸಂಪರ್ಕದ ಹೆಸರು ಹಾಕಬೇಕು:

```
tc -s qdisc show dev eth0
```

ಉತ್ತರದಲ್ಲಿ `marked`, `early`, `pdrop` ಎಂಬ ಮೂರು ಎಣಿಕೆ ಬರುತ್ತವೆ. ಗುರುತು ಹಾಕಿದ್ದು, ಮುಂಚೆಯೇ ಬೀಳಿಸಿದ್ದು, ಜಾಗ ಮುಗಿದು ಬಿದ್ದದ್ದು ಎಂದು ಕ್ರಮವಾಗಿ ಓದಿಕೊಳ್ಳಿ. `pdrop` ಏರುತ್ತಿದ್ದರೆ ಎಚ್ಚರಿಕೆ ಸಾಲುತ್ತಿಲ್ಲ, ಇಲ್ಲವೇ ಎಚ್ಚರಿಕೆಗೆ ಕಿವಿಗೊಡದ ಹರಿವೊಂದು ಸಾಲು ತುಂಬಿಸುತ್ತಿದೆ ಎಂದರ್ಥ. ರೆಡ್‌ಗೆ `ecn` ಎಂಬ ಆಯ್ಕೆ ಕೊಟ್ಟಿದ್ದೂ `early` ಏರುತ್ತ `marked` ಸೊನ್ನೆಯಲ್ಲೇ ಇದ್ದರೆ ಬರುತ್ತಿರುವ ಪ್ಯಾಕೆಟ್‌ಗಳೆಲ್ಲ 00 ಹೊತ್ತು ಬರುತ್ತಿವೆ ಎಂದು ತಿಳಿಯಬೇಕು. ಅದರ ಮೂಲ ಬಹುಮಟ್ಟಿಗೆ ಎರಡು ತುದಿಯ ಕಂಪ್ಯೂಟರುಗಳಲ್ಲಿರುತ್ತದೆ. ಲಿನಕ್ಸ್‌ನ `net.ipv4.tcp_ecn` ಎಂಬ ಸೆಟ್ಟಿಂಗ್ ಬಹುಕಾಲದಿಂದ 2ರಲ್ಲಿ ಬರುತ್ತಿದೆ. ಆ ಕಡೆಯವರು ಕೇಳಿದರೆ ಒಪ್ಪು, ನೀನಾಗಿ ಕೇಳಬೇಡ ಎಂಬುದು ಅದರ ಅರ್ಥ. ಕರೆಯುವವರ ಯಂತ್ರವೂ ಉತ್ತರಿಸುವ ಸರ್ವರೂ ಎರಡೂ 2ರಲ್ಲೇ ಇದ್ದರೆ ಇಬ್ಬರಿಗೂ ಇಸಿಎನ್ ಗೊತ್ತಿದ್ದೂ ಯಾರೂ ಕೇಳುವುದಿಲ್ಲ, ನಡುವಿನ ರೂಟರ್ ಬೀಳಿಸುತ್ತಲೇ ಇರುತ್ತದೆ. ಕರೆಯುವ ಕಡೆಯಲ್ಲಿ ಅದನ್ನು 1 ಮಾಡಿದರೆ ಮುಂದಿನ ಸಂಪರ್ಕದಿಂದಲೇ `marked` ಎಣಿಕೆ ಏರತೊಡಗುತ್ತದೆ.